ಸ್ಕಿನ್ ಟೋನ್ ಲೈನ್ ಮೇಲೆ ಸರಿಯಾಗಿ ಕೂತಿದೆ, ಆದರೂ ಮುಖ ಗೊಂಬೆಯಂತಿದೆ. ಯಾಕೆ?

ರೀಲು ಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. 1960ರ ದಶಕದ ಒಂದು ಮದುವೆಯ 16 ಎಂಎಂ ರೀಲಿಗೆ ಬಣ್ಣ ತುಂಬುವ ಕೆಲಸ ಒಪ್ಪಿಕೊಂಡಿದ್ದೇನೆ. ಕಪ್ಪು ಬಿಳುಪು ಫಿಲಂ, ಮನೆಯವರೇ ಸ್ಕ್ಯಾನ್ ಮಾಡಿಸಿ ಕೊಟ್ಟಿದ್ದಾರೆ. ರಿಸಾಲ್ವ್‌ನಲ್ಲಿ ಒಂದೊಂದು ಮುಖಕ್ಕೂ ಪವರ್ ವಿಂಡೋ ಹಾಕಿ, ಟ್ರ್ಯಾಕ್ ಮಾಡಿ, ಕೈಯಿಂದಲೇ ಬಣ್ಣ ಕೊಡುತ್ತಿದ್ದೇನೆ.

ವೆಕ್ಟರ್‌ಸ್ಕೋಪ್‌ನಲ್ಲಿ `Show Skin Tone Indicator` ಆನ್ ಮಾಡಿಕೊಂಡಿದ್ದೇನೆ. ಮದುಮಗಳ ಕ್ಲೋಸಪ್‌ನಲ್ಲಿ ಟ್ರೇಸ್ ಆ ಗೆರೆಯ ಮೇಲೆ ಅಂಟಿಸಿದ ಹಾಗೆ ಕೂತಿದೆ. ಆಚೆ ಈಚೆ ಒಂದಿಷ್ಟೂ ಇಲ್ಲ. ಆದರೆ ಮಾನಿಟರ್ ನೋಡಿದರೆ ಮುಖ ಚನ್ನಪಟ್ಟಣದ ಗೊಂಬೆಯ ಥರ ಕಾಣುತ್ತದೆ. ಅರಗು ಹಾಕಿ ಮಿಂಚಿಸಿದಂತೆ. ಸ್ಯಾಚುರೇಶನ್ ಕಮ್ಮಿ ಮಾಡಿದರೆ ಗೊಂಬೆ ಮಾಸಿದ ಗೊಂಬೆ ಆಗುತ್ತದೆ, ಅಷ್ಟೇ.

ಸ್ಕೋಪ್ ಸರಿ ಅನ್ನುತ್ತದೆ, ಕಣ್ಣು ತಪ್ಪು ಅನ್ನುತ್ತದೆ. ಯಾವುದನ್ನು ನಂಬಬೇಕು?

ಕಟ್ ಟು ಕಟ್:

ಸ್ಕೋಪ್ ನಂಬಿ. ಆ ಗೆರೆ ಇರುವುದೇ ಚರ್ಮಕ್ಕಾಗಿ. 123 ಡಿಗ್ರಿ. ಕಪ್ಪು, ಬಿಳಿ, ಗೋಧಿ ಬಣ್ಣ ಯಾವುದೇ ಇರಲಿ, ಎಲ್ಲರ ಚರ್ಮವೂ ಅದೇ ಗೆರೆಯ ಮೇಲೆ ಬರುತ್ತದೆ. ಗೆರೆಯ ಮೇಲೆ ಇದ್ದರೆ ನಿಮ್ಮ ಕೆಲಸ ಮುಗಿಯಿತು. ನಿಮ್ಮ ಮಾನಿಟರ್ ಕ್ಯಾಲಿಬ್ರೇಟ್ ಆಗಿಲ್ಲ ಅನ್ಸುತ್ತೆ, ಅದನ್ನು ಮೊದಲು ನೋಡಿ.

ಬೆಳಕು ನೆರಳು:

ರೀಲು ಪೆಟ್ಟಿಗೆಯವರೇ, ಉತ್ತರ ಹೇಳುವ ಮೊದಲು ಎರಡು ವಿಷಯ ತಿಳಿಯಬೇಕು. ಚರ್ಮದ ಬಣ್ಣ ಕೊಟ್ಟಿದ್ದು ಯಾವ ಚಕ್ರದಿಂದ? ಲಿಫ್ಟ್, ಗಾಮಾ, ಗೇನ್, ಆಫ್‌ಸೆಟ್ ಇವುಗಳಲ್ಲಿ ಯಾವುದು? ಇನ್ನೊಂದು, ಸ್ಕೋಪ್‌ನಲ್ಲಿ ನೀವು ನೋಡುತ್ತಿರುವುದು ಇಡೀ ಫ್ರೇಮನ್ನೋ, ಬರೀ ಮುಖವನ್ನೋ?

ರೀಲು ಪೆಟ್ಟಿಗೆ:

ಗೇನ್ ಚಕ್ರವನ್ನು ಕಿತ್ತಳೆ ಕಡೆಗೆ ಎಳೆದಿದ್ದೇನೆ. ಟ್ರೇಸ್ ಗೆರೆಗೆ ಬರುವ ತನಕ. ಬೇರೆ ಏನೂ ಮುಟ್ಟಿಲ್ಲ.

ಇಡೀ ಫ್ರೇಮೇ ನೋಡುತ್ತಿದ್ದೆ, ಆದರೆ ಆ ಶಾಟ್‌ನಲ್ಲಿ ಇನ್ನೂ ಸೀರೆಗೆ ಬಣ್ಣ ಹಾಕಿಲ್ಲ. ಮುಖ ಬಿಟ್ಟು ಉಳಿದಿದ್ದೆಲ್ಲ ಬೂದು. ಹಾಗಾಗಿ ಸ್ಕೋಪ್‌ನಲ್ಲಿ ಕಾಣುವುದು ಮುಖ ಮಾತ್ರ. ನಡುವಿನಿಂದ ಹೊರಟು ಗೆರೆಯ ಮೇಲೇ ಸಾಗುವ ಒಂದು ತೆಳ್ಳನೆಯ ನೇರ ಗೀಟು.

ಬೆಳಕು ನೆರಳು:

ಆ ತೆಳ್ಳನೆಯ ನೇರ ಗೀಟೇ ನಿಮ್ಮ ಸಮಸ್ಯೆ. ಸ್ಕೋಪ್ ಮತ್ತು ಕಣ್ಣು ಜಗಳ ಆಡುತ್ತಿಲ್ಲ. ಎರಡೂ ಒಂದೇ ಮಾತು ಹೇಳುತ್ತಿವೆ.

ವೆಕ್ಟರ್‌ಸ್ಕೋಪ್ ಎರಡೇ ಸಂಗತಿ ತೋರಿಸುತ್ತದೆ. ನಡುವಿನಿಂದ ಯಾವ ದಿಕ್ಕು ಅಂದರೆ ಯಾವ ಬಣ್ಣ, ಎಷ್ಟು ದೂರ ಅಂದರೆ ಎಷ್ಟು ಗಾಢ. ಸ್ಕಿನ್ ಟೋನ್ ಲೈನ್ ಹೇಳುವುದು ದಿಕ್ಕನ್ನು ಮಾತ್ರ. ನಿಜವಾದ ಕಲರ್ ಕ್ಯಾಮೆರಾದಲ್ಲಿ ತೆಗೆದ ಯಾವುದೇ ಮುಖವನ್ನು ಸ್ಕೋಪ್‌ಗೆ ಹಾಕಿ ನೋಡಿ. ಅದು ಗೀಟಾಗಿ ಬರುವುದಿಲ್ಲ. ಗೆರೆಯ ಸುತ್ತ ಹರಡಿದ, ಅಂಚು ಮಸುಕಾದ ಒಂದು ಮೋಡ ಬರುತ್ತದೆ. ತುಟಿ ಗೆರೆಯಿಂದ ಕೆಂಪಿನ ಕಡೆ ಹೋಗಿರುತ್ತದೆ, ಹಣೆ ಹಳದಿಯ ಕಡೆ ಸ್ವಲ್ಪ ವಾಲಿರುತ್ತದೆ. ಹೊಳಪು ಇರುವ ಜಾಗ ನಡುವಿನ ಹತ್ತಿರಕ್ಕೆ ಬಂದಿರುತ್ತದೆ. ಮುಖದ ಎಲ್ಲ ಪಿಕ್ಸೆಲ್ಲೂ ಒಂದೇ ದಿಕ್ಕಿನಲ್ಲಿ ನಿಂತಿವೆ ಎಂದರೆ ಇಡೀ ಮುಖಕ್ಕೆ ಒಂದೇ ಡಬ್ಬಿಯ ಬಣ್ಣ ಬಳಿದಿದೆ ಎಂದೇ ಅರ್ಥ.

ಇನ್ನು ಗೇನ್ ವಿಷಯ. ಅರಗಿನ ಮಿಂಚು ಬರುತ್ತಿರುವುದು ಇಲ್ಲಿಂದಲೇ. ಗೇನ್ ಮಾಡುವುದು ಗುಣಾಕಾರ. ಕಪ್ಪಿನ ಹತ್ತಿರ ಬಣ್ಣ ಕಮ್ಮಿ ಬೀಳುತ್ತದೆ, ಬೆಳಕು ಜಾಸ್ತಿ ಆದಷ್ಟೂ ಬಣ್ಣವೂ ಜಾಸ್ತಿ. ಮದುಮಗಳ ಹಣೆ ಮೇಲೆ, ಮೂಗಿನ ತುದಿಯಲ್ಲಿ ಲೈಟ್ ಹೊಡೆದು ಹೊಳೆಯುವ ಜಾಗ ಇದೆಯಲ್ವಾ? ನಿಮ್ಮ ಶಾಟ್‌ನಲ್ಲಿ ಅತಿ ಗಾಢ ಕಿತ್ತಳೆ ಬಿದ್ದಿರುವುದು ಅಲ್ಲೇ. ನಿಜದಲ್ಲಿ ಆಗುವುದು ಇದರ ಉಲ್ಟಾ. ಹೊಳಪು ಎಂದರೆ ಚರ್ಮದ ಮೇಲಿನ ಎಣ್ಣೆ, ಬೆವರಿನಿಂದ ನೇರವಾಗಿ ಹಿಂದಕ್ಕೆ ಬಂದ ಬೆಳಕು. ಅದು ಚರ್ಮದ ಒಳಗೆ ಹೋಗಿಯೇ ಇಲ್ಲ, ಹಾಗಾಗಿ ಅದಕ್ಕೆ ಚರ್ಮದ ಬಣ್ಣ ಹತ್ತಿರುವುದಿಲ್ಲ. ಲೈಟಿನ ಬಣ್ಣವೇ ಇರುತ್ತದೆ. ಬಿಳಿ ಲೈಟಾದರೆ ಹೊಳಪೂ ಬಿಳಿ. ಹೊಳಪಿಗೇ ಬಣ್ಣ ತುಂಬಿದರೆ ಅದು ಬಣ್ಣ ಬಳಿದು ಮೇಲೆ ಮೆರುಗು ಕೊಟ್ಟ ಕಟ್ಟಿಗೆಯಂತೆ ಕಾಣುತ್ತದೆ.

ಹೀಗೆ ಮಾಡಿ ನೋಡಿ. ಗೇನ್ ರೀಸೆಟ್ ಮಾಡಿ, ಅದೇ ಬಣ್ಣವನ್ನು ಗಾಮಾದಿಂದ ಕೊಡಿ. ಗಾಮಾ ಕಪ್ಪನ್ನೂ ಬಿಳಿಯನ್ನೂ ಹೆಚ್ಚು ಮುಟ್ಟುವುದಿಲ್ಲ, ನಡುವಿನ ಬೆಳಕಿಗೆ ಬಣ್ಣ ತುಂಬುತ್ತದೆ. ಚರ್ಮದ ಬಣ್ಣ ನಿಜವಾಗಿ ಇರುವುದೂ ಅಲ್ಲೇ. ಆಮೇಲೆ ಮುಂದಿನ ನೋಡ್‌ನಲ್ಲಿ `Lum vs Sat` ಕರ್ವ್ ತೆಗೆದುಕೊಂಡು ಬಲತುದಿಯನ್ನು ಕೆಳಗೆ ಎಳೆಯಿರಿ. ಹಣೆಯ ಹೊಳಪು ಬಣ್ಣ ಕಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಸ್ಕೋಪ್‌ನಲ್ಲಿ ಆ ಗೀಟಿನ ಹೊರತುದಿ ಒಳಕ್ಕೆ ಸರಿಯುತ್ತದೆ. ಆಫ್‌ಸೆಟ್‌ನಿಂದ ಮಾತ್ರ ಚರ್ಮದ ಬಣ್ಣ ಕೊಡಲು ಹೋಗಬೇಡಿ. ಅದು ಕಪ್ಪಿಗೂ ಬಿಳಿಗೂ ಒಂದೇ ಅಳತೆಯ ಬಣ್ಣ ಸೇರಿಸುತ್ತದೆ, ಇಡೀ ಮುಖ ಸ್ಕೋಪ್‌ನಲ್ಲಿ ಒಂದು ಚುಕ್ಕೆಯಾಗಿ ಕೂರುತ್ತದೆ, ಕಣ್ಣಿನ ಪಾಪೆಯೂ ಕಂದು ಆಗುತ್ತದೆ.

ಇಷ್ಟರಿಂದ ಮಿಂಚು ಹೋಗುತ್ತದೆ. ಗೀಟು ಮಾತ್ರ ಗೀಟಾಗಿಯೇ ಉಳಿಯುತ್ತದೆ. ಅದು ಮುಂದಿನ ಕೆಲಸ.

ಕಟ್ ಟು ಕಟ್:

ಸರ್, ಗೇನ್ ಗಾಮಾ ವಿಷಯ ಒಪ್ಪುತ್ತೇನೆ. ಆದರೆ ಗೆರೆಯಿಂದ ಆಚೆ ಈಚೆ ಹೋಗಬೇಕು ಅನ್ನುವುದು ನನಗೆ ಸರಿ ಅನ್ನಿಸಲ್ಲ. ಗೆರೆ ಇರುವುದು ಚರ್ಮದ ಸ್ಟ್ಯಾಂಡರ್ಡ್ ಅಂತಲೇ ಅಲ್ವಾ? ನಾನು ಕೆಲಸ ಮಾಡುವ ಕಡೆ ಗೆರೆ ಬಿಟ್ಟು ಸ್ವಲ್ಪ ಹೋದರೂ ವಾಪಸ್ ಕಳಿಸುತ್ತಾರೆ.

ಬೆಳಕು ನೆರಳು:

ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಎಲ್ಲರ ಚರ್ಮವೂ ಹೆಚ್ಚುಕಮ್ಮಿ ಒಂದೇ ದಿಕ್ಕಿನಲ್ಲಿ ಬರುತ್ತದೆ ಅನ್ನುವುದು ಖಂಡಿತ. ಆದರೆ ಆ ಗೆರೆಯನ್ನು ಚರ್ಮ ಅಳೆಯಲು ಯಾರೂ ಎಳೆದಿದ್ದಲ್ಲ. ಅದು 1953ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಕಲರ್ ಟಿವಿಯ ಐ ಅಕ್ಷ. ಒಂದು ತುದಿ ಕಿತ್ತಳೆ, ಇನ್ನೊಂದು ತುದಿ ನೀಲಿ ಹಸಿರು. ಈ ಎರಡು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಕಣ್ಣು ಸಣ್ಣ ವಿವರದಲ್ಲೂ ಗುರುತಿಸುತ್ತದೆ. ಅದಕ್ಕೇ ಸಿಗ್ನಲ್‌ನಲ್ಲಿ ಆ ಅಕ್ಷಕ್ಕೆ ಜಾಸ್ತಿ ಜಾಗ ಕೊಟ್ಟರು. ಚರ್ಮವೂ ಕಿತ್ತಳೆಯ ಬಳಿಯೇ ಬರುವುದರಿಂದ ಕಲರಿಸ್ಟ್‌ಗಳು ಅದನ್ನು ಗುರುತಾಗಿ ಬಳಸಿಕೊಂಡರು. ನಮ್ಮಲ್ಲಿ 1982ರಲ್ಲಿ ಬಂದ ಕಲರ್ ಪ್ರಸಾರ ಪಾಲ್ ಪದ್ಧತಿಯದು, ಅದರಲ್ಲಿ ಈ ಐ ಅಕ್ಷವೇ ಇಲ್ಲ. ಗೆರೆ ಮಾತ್ರ ಸಾಫ್ಟ್‌ವೇರ್‌ಗಳಲ್ಲಿ ಉಳಿದುಕೊಂಡಿದೆ.

ಮಾತು ಬೇಡ, ಲೆಕ್ಕ ಹಾಕೋಣ. ರೆಕ್ 709ರಲ್ಲಿ ಲೆಕ್ಕ ಇಷ್ಟೇ:

```
Y  = 0.2126 R + 0.7152 G + 0.0722 B
Cb = (B - Y) / 1.8556
Cr = (R - Y) / 1.5748
```

`Y` ಅಂದರೆ ಬೆಳಕು. `Cb` ಅಡ್ಡಕ್ಕೆ, `Cr` ಮೇಲಕ್ಕೆ. ಕೋನವನ್ನು ನಡುವಿನಿಂದ ಬಲಕ್ಕೆ ಹೋಗುವ ಅಡ್ಡಗೆರೆಯಿಂದ ಶುರುಮಾಡಿ, ಮೇಲಕ್ಕೆ ತಿರುಗುತ್ತಾ ಅಳೆಯಬೇಕು. ಗೋಧಿ ಬಣ್ಣದ ಒಂದು ಹಣೆಗೆ ಕೆಂಪು 176, ಹಸಿರು 128, ನೀಲಿ 98 ಅಂದುಕೊಳ್ಳಿ. ಬೆಳಕು 136 ಬರುತ್ತದೆ, ಕೋನ ಸುಮಾರು 129 ಡಿಗ್ರಿ. ತುಂಬಾ ಕಪ್ಪು ಚರ್ಮಕ್ಕೆ 110, 72, 52 ಹಾಕಿ. ಬೆಳಕು 79ಕ್ಕೆ ಇಳಿಯುತ್ತದೆ, ಕೋನ 126. ತಿಳಿ ಚರ್ಮಕ್ಕೆ 225, 180, 155 ಹಾಕಿ. ಬೆಳಕು 188, ಕೋನ 127. ಬೆಳಕು ಎರಡು ಪಟ್ಟಿಗಿಂತ ಜಾಸ್ತಿ ಬದಲಾಯಿತು, ಕೋನ ಮಾತ್ರ 3 ಡಿಗ್ರಿಯೊಳಗೇ ಇದೆ. ನೀವು ಹೇಳಿದ ನಿಜ ಇದು.

ಈಗ ಅದೇ ಗೋಧಿ ಬಣ್ಣದವರ ಕೆನ್ನೆ ನೋಡೋಣ. 178, 118, 95. ಕೋನ 121. ತುಟಿ 150, 85, 80. ಕೋನ 107, ಅಂದರೆ ಸ್ಕೋಪ್‌ನಲ್ಲಿ ಕೆಂಪಿಗೆ ಗುರುತು ಹಾಕಿರುವ ಚೌಕದ ಹತ್ತಿರಕ್ಕೇ ಹೋಯಿತು. ಇಬ್ಬರು ಬೇರೆ ಬೇರೆ ಬಣ್ಣದವರ ಹಣೆಗಳ ನಡುವೆ ಇರುವ ಅಂತರಕ್ಕಿಂತ ಒಬ್ಬರದೇ ಹಣೆ ಮತ್ತು ಕೆನ್ನೆಯ ನಡುವಿನ ಅಂತರ ಜಾಸ್ತಿ! ಬಣ್ಣ ತುಂಬುವವರು ನೆನಪಿಡಬೇಕಾದದ್ದು ಇದನ್ನೇ.

ನಿಮ್ಮ ಕಡೆ ವಾಪಸ್ ಕಳಿಸುವುದು ಇಡೀ ಮೋಡವೇ ಗೆರೆ ಬಿಟ್ಟು ಸರಿದಾಗ ಇರಬೇಕು. ಅದು ಸರಿಯಾದ ಕಾರಣವೇ. ಮೋಡದ ನಡುಭಾಗ ಗೆರೆಯ ಹತ್ತಿರ ಇದೆಯಾ ಅಂತ ನೋಡಬೇಕು, ಮೋಡವನ್ನೇ ಹಿಂಡಿ ಗೆರೆ ಮಾಡಬಾರದು.

ರಂಗದ ಕನ್ನಡಿ:

ನಾನು ನಾಟಕಕ್ಕೆ, ಸೀರಿಯಲ್‌ಗೆ ಮೇಕಪ್ ಮಾಡುವವಳು. ಸ್ಕೋಪ್ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಇಲ್ಲಿ ಹೇಳುತ್ತಿರುವ ಹಣೆ ಕೆನ್ನೆ ವಿಷಯ ನಮ್ಮ ದಿನದ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ.

ಮುಖವನ್ನು ಅಡ್ಡಕ್ಕೆ ಮೂರು ಪಟ್ಟಿ ಮಾಡಿಕೊಳ್ಳಿ. ಹಣೆಯ ಮೇಲೆ ಚರ್ಮ ತೆಳ್ಳಗೆ ಮೂಳೆಗೆ ಅಂಟಿರುತ್ತದೆ, ಅಲ್ಲಿ ಸ್ವಲ್ಪ ಹಳದಿ ಛಾಯೆ. ನಡುವಿನ ಪಟ್ಟಿಯಲ್ಲಿ ಕೆನ್ನೆ, ಮೂಗು, ಕಿವಿ. ರಕ್ತ ಓಡಾಡುವುದು ಮೇಲಕ್ಕೇ ಇರುವುದರಿಂದ ಕೆಂಪು ಛಾಯೆ. ಕಿವಿಯ ಅಂಚು ಎಲ್ಲಕ್ಕಿಂತ ಕೆಂಪು, ಅದನ್ನು ಮರೆತರೆ ಕಿವಿ ಅಂಟಿಸಿದ ಹಾಗೆ ಕಾಣುತ್ತದೆ. ಕೆಳಗಿನ ಪಟ್ಟಿ ಗಲ್ಲ, ದವಡೆ. ಗಂಡಸರಿಗೆ ನುಣ್ಣಗೆ ಶೇವ್ ಮಾಡಿದ್ದರೂ ಗಡ್ಡದ ಬೇರು ಒಳಗಿಂದ ಕಾಣುತ್ತದೆ, ಹಾಗಾಗಿ ಅಲ್ಲಿ ಬಣ್ಣ ಕಮ್ಮಿ, ಬೂದು ಜಾಸ್ತಿ. ಕಣ್ಣಿನ ಕೆಳಗೆ, ತುಟಿಯ ಸುತ್ತ ನಮ್ಮ ಕಡೆಯವರಿಗೆ ಹೆಚ್ಚಾಗಿ ಒಂದು ಕಂದು ಛಾಯೆ ಇರುತ್ತದೆ. ಪ್ಯಾನ್‌ಕೇಕ್ ಹಾಕಿದಾಗ ನಾವು ಮೊದಲು ಇದೆಲ್ಲವನ್ನೂ ಅಳಿಸಿಬಿಡುತ್ತೇವೆ. ಆಮೇಲೆ ರೂಜ್, ಶೇಡಿಂಗ್ ಅಂತ ವಾಪಸ್ ತರುವುದು ಇದನ್ನೇ. ನೀವೀಗ ಪ್ಯಾನ್‌ಕೇಕ್ ಹಾಕಿ ಅಲ್ಲಿಗೇ ನಿಲ್ಲಿಸಿದ್ದೀರಿ.

ಇನ್ನೊಂದು. ಮುಖದ ಒಳಗೆ ಚರ್ಮ ಅಲ್ಲದ್ದೂ ಇದೆ. ಕಣ್ಣಿನ ಬಿಳಿ, ಹಲ್ಲು. ನಿಮ್ಮ ವಿಂಡೋ ಮುಖವಿಡೀ ಮುಚ್ಚಿದ್ದರೆ ಅವೂ ಕಿತ್ತಳೆ ಆಗಿರುತ್ತವೆ. ನೋಡುವವರ ಕಣ್ಣು ಮೊದಲು ಹೋಗುವುದು ಎದುರಿನವರ ಕಣ್ಣಿಗೆ.

ಬೆಳಕು ನೆರಳು:

ಅಕ್ಕಾ, ಕಣ್ಣಿನ ಬಿಳಿಯ ಮಾತು ಬಹಳ ದೊಡ್ಡದು. ಅದನ್ನು ಸ್ಕೋಪ್ ಹೇಳುವುದೇ ಇಲ್ಲ. ಕಣ್ಣಿನ ಬಿಳಿಯ ನಾಲ್ಕಾರು ಪಿಕ್ಸೆಲ್ ಕಿತ್ತಳೆಗೆ ಹೋದರೆ ಅವು ಚರ್ಮದ ಮೋಡದಲ್ಲೇ ಸೇರಿಕೊಳ್ಳುತ್ತವೆ. ಕಣ್ಣಿಂದಲೇ ನೋಡಬೇಕು.

ಮದುವೆ ಮನೆ ವಿಡಿಯೋ:

ನನ್ನದೂ ಇದೇ ಪ್ರಾಬ್ಲಂ ಗುರುಗಳೇ. ಅರಿಶಿನ ಶಾಸ್ತ್ರದ ವಿಡಿಯೋ. ಮದುಮಗನ ಮುಖ ಗೆರೆ ಬಿಟ್ಟು ಹಳದಿ ಕಡೆ ಹೋಗಿ ಕೂತಿರುತ್ತೆ. `Hue vs Hue`ನಲ್ಲಿ ತಿರುಗಿಸಿ ಗೆರೆಗೆ ತಂದರೆ ಕೆನ್ನೆಗೆ ಹಚ್ಚಿದ ಅರಿಶಿನವೇ ಮಾಯ ಆಗುತ್ತೆ. ಮನೆಯವರು ಕೇಳ್ತಾರೆ, ಅರಿಶಿನ ಎಲ್ಲಿ ಅಂತ. ಶಾಮಿಯಾನ ಬೇರೆ ಹಳದಿ ಬಟ್ಟೆಯದು. ಗೆರೆಗೆ ತರಬೇಕಾ ಬೇಡ್ವಾ?

ಬೆಳಕು ನೆರಳು:

ನಿಮ್ಮದು ಸ್ವಲ್ಪ ಬೇರೆ ಸಮಸ್ಯೆ. ಅವರದು ಬಣ್ಣ ಇಲ್ಲದ ಫಿಲಂ, ನಿಮ್ಮದು ಬಣ್ಣ ಜಾಸ್ತಿ ಆದದ್ದು. ಆದರೂ ಉತ್ತರ ಇಬ್ಬರಿಗೂ ಬೇಕಾಗುತ್ತದೆ.

ನಿಮ್ಮಲ್ಲಿ ಎರಡು ಹಳದಿ ಇವೆ. ಒಂದು ಶಾಮಿಯಾನದ ಬಟ್ಟೆಯಿಂದ ಸೋಸಿ ಬಂದ ಬೆಳಕು, ಇನ್ನೊಂದು ನಿಜವಾದ ಅರಿಶಿನ. ಮೊದಲನೆಯದನ್ನು ತೆಗೆಯಬೇಕು, ಎರಡನೆಯದನ್ನು ಉಳಿಸಬೇಕು. ಯಾವುದು ಎಷ್ಟು ಅಂತ ಹೇಳುವುದು ಯಾರಾದರೂ ಉಟ್ಟಿರುವ ಬಿಳಿ ಪಂಚೆ. ಅದೇ ಬೆಳಕಿನಲ್ಲಿರುವ ಪಂಚೆಯನ್ನು ಸ್ಕೋಪ್‌ನಲ್ಲಿ ನೋಡಿ. ಬಿಳಿ ನಡುವಿನಲ್ಲಿ ಇರಬೇಕು. ಅದು ಹಳದಿಯ ಕಡೆ ಸರಿದಿದ್ದರೆ ಆ ಸರಿತ ಬೆಳಕಿನದು, ಮುಖವೂ ಅದೇ ಕಡೆ ಸರಿದಿರುತ್ತದೆ. ವೈಟ್ ಬ್ಯಾಲೆನ್ಸ್‌ನಿಂದ ಪಂಚೆಯನ್ನು ನಡುವಿಗೆ ತನ್ನಿ, ಮುಖವೂ ಜೊತೆಗೆ ಬರುತ್ತದೆ. ಅದಾದ ಮೇಲೂ ಮುಖ ಹಳದಿಯ ಕಡೆ ಉಳಿದಿದ್ದರೆ ಅದು ಅರಿಶಿನ. ಮುಟ್ಟಬೇಡಿ. ಅರಿಶಿನ ಹಚ್ಚಿಸಿಕೊಳ್ಳದ ಯಾರಾದರೂ ಪಕ್ಕದಲ್ಲಿ ನಿಂತಿರುತ್ತಾರೆ, ಅವರ ಮುಖ ಗೆರೆಯ ಹತ್ತಿರ ಬಂತಾ ಅಂತ ನೋಡಿ ಖಾತ್ರಿ ಮಾಡಿಕೊಳ್ಳಿ.

ಎಲ್ಲವೂ ಒಟ್ಟಿಗೆ ಒಂದೇ ಕಡೆ ಸರಿದಿದ್ದರೆ ಅದು ಬೆಳಕು. ಬಿಳಿ ನಡುವಿನಲ್ಲೇ ಇದ್ದು ಮುಖ ಮಾತ್ರ ತಿರುಗಿದ್ದರೆ ಅದು ಚರ್ಮದ್ದೋ, ಚರ್ಮದ ಮೇಲೆ ಹಚ್ಚಿದ್ದರದ್ದೋ, ಇಲ್ಲಾ ನಮ್ಮ ಗ್ರೇಡಿನ ತಪ್ಪೋ.

ಮದುವೆ ಮನೆ ವಿಡಿಯೋ:

ಪಂಚೆ ಐಡಿಯಾ ಚೆನ್ನಾಗಿದೆ. ಆದರೆ ನಮ್ಮ ಕಡೆ ಪಂಚೆಗೂ ಅರಿಶಿನ ಮೆತ್ತಿರುತ್ತಾರೆ. ಹುಡುಕಿ ನೋಡ್ತೀನಿ.

ರೀಲು ಪೆಟ್ಟಿಗೆ:

ನಿನ್ನೆ ರಾತ್ರಿ ಕೂತು ಮಾಡಿದೆ. ಮದುಮಗಳ ಅದೇ ಕ್ಲೋಸಪ್. ಮಾಡಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಮುಖವಿಡೀ ಒಂದು ವಿಂಡೋ, ಬಣ್ಣ ಗಾಮಾದಿಂದ. ಟ್ರೇಸನ್ನು ಗೆರೆಯಿಂದ ಒಂಚೂರು ಹಳದಿ ಕಡೆಗೇ ನಿಲ್ಲಿಸಿದೆ, ಹಣೆಯ ಬಣ್ಣ ಅದು ಅಂತ. ಮುಂದಿನ ನೋಡ್‌ನಲ್ಲಿ `Lum vs Sat`, ಬಲತುದಿ ಅರ್ಧಕ್ಕಿಂತ ಕೆಳಗೆ. ಆಮೇಲೆ ಕೆನ್ನೆ, ಮೂಗು ಸೇರಿಸಿ ಅಂಚು ಬಹಳ ಮೆತ್ತಗಿರುವ ಒಂದು ವಿಂಡೋ, ಗಾಮಾದಲ್ಲಿ ಸ್ವಲ್ಪ ಕೆಂಪು. ಕಿವಿಗೆ ಇನ್ನೊಂದು. ತುಟಿಗೆ ಚಿಕ್ಕದು. ಕಣ್ಣಿನ ಬಿಳಿಗೆ ಎರಡು ಪುಟ್ಟ ವಿಂಡೋ, ಅಲ್ಲಿ ಸ್ಯಾಚುರೇಶನ್ ಪೂರ್ತಿ ಅಲ್ಲದಿದ್ದರೂ ಬಹುಪಾಲು ತೆಗೆದೆ.

ಗೀಟು ಹೋಯಿತು! ಈಗ ಗೆರೆಯ ಎರಡೂ ಬದಿಗೆ ಹರಡಿದ ಮೋಡ ಇದೆ, ಕೆಂಪಿನ ಕಡೆ ತುಟಿಯ ಒಂದು ಸಣ್ಣ ಚಾಚು. ಮುಖಕ್ಕೆ ಜೀವ ಬಂದಿದೆ. ರಂಗದ ಕನ್ನಡಿ ಅಕ್ಕ ಹೇಳಿದ ಕಿವಿಯ ಮಾತು ನೂರಕ್ಕೆ ನೂರು ನಿಜ.

ಈಗ ಹೊಸ ತಲೆನೋವು. ಇಡೀ ರೀಲಿಗೆ ಹಳೆಯ ಕಾಲದ ಬೆಚ್ಚಗಿನ ಛಾಯೆ ಬೇಕು ಅಂತ ಮನೆಯವರ ಆಸೆ. ಸೀರೆ, ಮಂಟಪ, ಬಾಳೆ ಕಂಬಕ್ಕೂ ಬಣ್ಣ ಹಾಕಿದ್ದೇನೆ. ಮೇಲೆ ವಾರ್ಮ್ ಗ್ರೇಡ್ ಹಾಕಿದ ಕೂಡಲೇ ಮುಖದ ಮೋಡ ಗೆರೆ ಬಿಟ್ಟು ಹಳದಿ ಕಡೆ ಹೋಗುತ್ತದೆ. ಮಂಟಪದ ಕಟ್ಟಿಗೆ, ಹಿತ್ತಾಳೆ ದೀಪ ಎಲ್ಲ ಅಲ್ಲೇ ಸೇರಿಕೊಂಡು ಯಾವುದು ಮುಖ ಅಂತಲೇ ತಿಳಿಯುವುದಿಲ್ಲ.

ಬೆಳಕು ನೆರಳು:

ಬಹಳ ಚೆನ್ನಾಗಿ ಮಾಡಿದ್ದೀರಿ. ಈಗಿನದು ಸುಲಭ.

ಮೊದಲು ಮುಖವನ್ನು ಬೇರೆ ಮಾಡಿ. ಕಟ್ಟಿಗೆ, ಇಟ್ಟಿಗೆ, ಕೆಂಪು ನೆಲ, ಹಿತ್ತಾಳೆ ಇವೆಲ್ಲ ಚರ್ಮದ ಗೆರೆಯ ಅಕ್ಕಪಕ್ಕದಲ್ಲೇ ಬರುತ್ತವೆ. ಎಲ್ಲಕ್ಕಿಂತ ಕೊನೆಗೆ ಒಂದು ನೋಡ್ ಹಾಕಿ, ಮುಖದ ಮೇಲೆ ಒಂದು ವಿಂಡೋ, ಅದಕ್ಕೆ ಒಂದು ಔಟ್‌ಸೈಡ್ ನೋಡ್. ಔಟ್‌ಸೈಡ್ ನೋಡ್‌ನಲ್ಲಿ `Sat` ಅನ್ನು 50ರಿಂದ 0ಗೆ ಇಳಿಸಿ. ಸ್ಕೋಪ್‌ನಲ್ಲಿ ಉಳಿಯುವುದು ಮುಖ ಮಾತ್ರ. ಮೋಡ ಚಿಕ್ಕದಾಗಿ ಕಂಡರೆ ಸ್ಕೋಪ್‌ನ ಮೆನುವಿನಲ್ಲಿ `Show 2x Zoom` ಇದೆ. ರೆಂಡರ್ ಮಾಡುವ ಮುಂಚೆ ಈ ಎರಡೂ ನೋಡ್ ತೆಗೆಯುವುದು ಮರೆಯಬೇಡಿ.

ಆಮೇಲೆ ಅದೇ ವಿಂಡೋವನ್ನು ಯಾರದಾದರೂ ಬಿಳಿ ಪಂಚೆಯ ಮೇಲೆ ಇಟ್ಟು ನೋಡಿ. ನಾನು ಮೇಲೆ ಹೇಳಿದ ಹಣೆಯನ್ನೇ ತೆಗೆದುಕೊಳ್ಳೋಣ. ವಾರ್ಮ್ ಗ್ರೇಡ್ ಎಲ್ಲ ಪಿಕ್ಸೆಲ್‌ಗೂ ಕೆಂಪು 6 ಸೇರಿಸಿ ನೀಲಿ 10 ಕಳೆಯಿತು ಅಂದುಕೊಳ್ಳಿ. 129ರಲ್ಲಿದ್ದ ಹಣೆ 132ಕ್ಕೆ ಹೋಗುತ್ತದೆ, ಗೆರೆಯಿಂದ ಇನ್ನಷ್ಟು ದೂರ. ಆದರೆ ಪಂಚೆಯೂ ನಡುವಿನಿಂದ ಅದೇ ದಿಕ್ಕಿಗೆ ಅಷ್ಟೇ ಸರಿದಿರುತ್ತದೆ. ಪಂಚೆಯಿಂದ ಮುಖಕ್ಕೆ ಇರುವ ದಾರಿ ಬದಲಾಗಿಲ್ಲ. ನೋಡುವವರ ಕಣ್ಣು ಪಂಚೆಯನ್ನು ಬಿಳಿ ಅಂತಲೇ ಒಪ್ಪಿಕೊಳ್ಳುತ್ತದೆ, ಮುಖವನ್ನು ಅದಕ್ಕೆ ಹೋಲಿಸಿ ಓದುತ್ತದೆ. ಹಾಗಾಗಿ ಮುಖ ಗೆರೆ ಬಿಟ್ಟರೂ ನಂಬಿಕೆ ಕೆಡುವುದಿಲ್ಲ. ಅದನ್ನು ಹಿಡಿದು ಗೆರೆಗೆ ಎಳೆದರೆ ಮಾತ್ರ ಬೆಚ್ಚಗಿನ ಮಂಟಪದಲ್ಲಿ ಮುಖ ಒಂದೇ ತಣ್ಣಗೆ ನಿಂತು, ಬೇರೆ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ.

ಎಚ್ಚರ ಬೇಕಾದದ್ದು ಇನ್ನೊಂದು ಬಗೆಯ ಗ್ರೇಡ್‌ಗೆ. `Hue vs Hue` ಕರ್ವ್‌ನಲ್ಲಿ ಕಿತ್ತಳೆಯನ್ನು ಹಳದಿಗೆ ತಿರುಗಿಸುವ ಲುಕ್‌ಗಳು ಇರುತ್ತವೆ, ಕೆಲವು ರೆಡಿಮೇಡ್ ಲಟ್‌ಗಳಲ್ಲೂ ಇದು ಒಳಗೇ ಅಡಗಿರುತ್ತದೆ. ಅಲ್ಲಿ ಪಂಚೆ ನಡುವಿನಲ್ಲೇ ಇರುತ್ತದೆ, ಮುಖ ಮಾತ್ರ ತಿರುಗುತ್ತದೆ. ಆಗ ನೋಡುವವರಿಗೆ ಕಾಣುವುದು ಕಾಮಾಲೆ. ಕೋನ ಎರಡರಲ್ಲೂ 3 ಡಿಗ್ರಿಯೇ ಬದಲಾಗಿರಬಹುದು. ಒಂದನ್ನು ಕಣ್ಣು ಒಪ್ಪುತ್ತದೆ, ಇನ್ನೊಂದನ್ನು ಒಪ್ಪುವುದಿಲ್ಲ.

ಕಟ್ ಟು ಕಟ್:

ಇದು ನನಗೆ ಹೊಸದು. ಬಿಳಿಯಿಂದ ಅಳೆಯುವುದು. ನಾನು ಯಾವಾಗಲೂ ನಡುವಿನಿಂದಲೇ ಅಳೆಯುತ್ತಿದ್ದೆ. ಆದರೂ ಒಂದು ಮಾತು. ಟಿವಿಗೆ ಕೊಡುವ ಕೆಲಸದಲ್ಲಿ ಶಾಟ್‌ನಿಂದ ಶಾಟ್‌ಗೆ ಒಬ್ಬರದೇ ಮುಖ ಹೊಂದಬೇಕು. ಅಲ್ಲಿ ಗೆರೆ ಇಲ್ಲದೆ ಆಗುವುದಿಲ್ಲ.

ಬೆಳಕು ನೆರಳು:

ಅದಕ್ಕೆ ಗೆರೆ ಬಹಳ ಒಳ್ಳೆಯದು. ಒಂದೇ ದೃಶ್ಯದ ಎರಡು ಶಾಟ್‌ಗಳಲ್ಲಿ ಒಬ್ಬರ ಮೋಡ ಗೆರೆಯ ಯಾವ ಬದಿಗೆ, ಎಷ್ಟು ಉದ್ದಕ್ಕೆ ಇದೆ ಅಂತ ಹೋಲಿಸಿದರೆ ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ. ಕಣ್ಣು ಬೇಗ ಹೊಂದಿಕೊಂಡುಬಿಡುತ್ತದೆ, ಗೆರೆ ಇದ್ದಲ್ಲೇ ಇರುತ್ತದೆ.

ಹೊಸ ಟೈಮ್‌ಲೈನ್:

ಪ್ರೀಮಿಯರ್‌ನಲ್ಲಿ ಹೇಗೆ? ಔಟ್‌ಸೈಡ್ ನೋಡ್ ಅಲ್ಲಿ ಇಲ್ಲ.

ಕಟ್ ಟು ಕಟ್:

ಕ್ಲಿಪ್‌ಗೆ `Crop` ಎಫೆಕ್ಟ್ ಹಾಕಿ ಮುಖ ಮಾತ್ರ ಉಳಿಸಿ. ಸುತ್ತಲೂ ಕಪ್ಪಾಗುತ್ತದೆ, ಕಪ್ಪು ನಡುವಿನಲ್ಲೇ ಕೂರುತ್ತದೆ. ಲುಮೆಟ್ರಿ ಸ್ಕೋಪ್ಸ್‌ನಲ್ಲಿ `Vectorscope YUV` ನೋಡಿ. ನೋಡಿ ಆದ ಮೇಲೆ ಕ್ರಾಪ್ ಆಫ್ ಮಾಡಿ.

ರೀಲು ಪೆಟ್ಟಿಗೆ:

ಪಂಚೆ ಲೆಕ್ಕ ಕೆಲಸ ಮಾಡಿತು. ಮುಖ ಗೆರೆಯ ಆಚೆ ಇದೆ, ಆದರೂ ಸರಿಯಾಗಿ ಕಾಣುತ್ತದೆ.

ಇನ್ನೊಂದು ಕೇಳಬೇಕು. ಆ ಮದುಮಗಳು ಮನೆಯವರಿಗೆ ಅಜ್ಜಿ. ಅವರಲ್ಲಿ ಒಬ್ಬರು ಅಜ್ಜಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ ಅಂತಾರೆ. ಇನ್ನೊಬ್ಬರು ಅಜ್ಜಿ ಕಪ್ಪಗೇ ಇದ್ದಿದ್ದು, ಹಾಗೇ ಇರಲಿ ಅಂತಾರೆ. ಫಿಲಂನಲ್ಲಿರುವ ಬೂದು ನೋಡಿ ಅವರ ನಿಜವಾದ ಬಣ್ಣ ಹೇಳಲು ಆಗುತ್ತದಾ?

ಬೆಳಕು ನೆರಳು:

ಖಚಿತವಾಗಿ ಆಗುವುದಿಲ್ಲ. ವೆಕ್ಟರ್‌ಸ್ಕೋಪ್ ಅಂತೂ ಇದರಲ್ಲಿ ಪೂರ್ತಿ ಕುರುಡು. ಕಪ್ಪು ಚರ್ಮವೂ ತಿಳಿ ಚರ್ಮವೂ ಒಂದೇ ದಿಕ್ಕು ಅಂತ ಮೇಲೆ ಲೆಕ್ಕ ಹಾಕಿದೆವಲ್ಲ. ನೀವು ಅಜ್ಜಿಯನ್ನು ಎಷ್ಟು ಬೆಳ್ಳಗೆ ಮಾಡಿದರೂ ಟ್ರೇಸ್ ಗೆರೆಯ ಹತ್ತಿರವೇ ಇರುತ್ತದೆ. ವೇವ್‌ಫಾರ್ಮ್‌ನಲ್ಲಿ ಮುಖದ ಬೆಳಕಿನ ಮಟ್ಟ ಸಿಗುತ್ತದೆ. ಆದರೆ ಆ ಮಟ್ಟ ಕ್ಯಾಮೆರಾಮನ್ ಎಷ್ಟು ಎಕ್ಸ್‌ಪೋಸ್ ಮಾಡಿದರು, ಲೈಟ್ ಎಷ್ಟು ಹತ್ತಿರ ಇತ್ತು, ಫಿಲಂ ಹೇಗೆ ತೊಳೆದರು ಅನ್ನುವುದರ ಮೇಲೂ ನಿಂತಿದೆ. ಒಂದೇ ಫ್ರೇಮಿನಲ್ಲಿ, ಒಂದೇ ಬೆಳಕಿನಲ್ಲಿ ಇಬ್ಬರು ನಿಂತಿದ್ದರೆ ಯಾರು ಹೆಚ್ಚು ಕಪ್ಪು ಅಂತ ಹೇಳಬಹುದು. ಅಷ್ಟೇ.

ನಾನಾದರೆ ಫಿಲಂನ ಬೆಳಕನ್ನು ಮುಟ್ಟುವುದಿಲ್ಲ. ಬಣ್ಣ ನಾವು ಸೇರಿಸಿದ್ದು, ಬೆಳಕು ಆ ದಿನದ್ದು.

ರಂಗದ ಕನ್ನಡಿ:

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆಗಿನ ಮದುವೆಗಳಲ್ಲಿ ಮದುಮಗಳಿಗೆ ಪೌಡರ್ ಬಳಿಯುತ್ತಿದ್ದರು, ಮೇಲೆ ಕಣ್ಣು ಕುಕ್ಕುವ ಲೈಟು. ಫಿಲಂನಲ್ಲಿರುವ ಬೆಳಕೂ ಅಜ್ಜಿಯ ಚರ್ಮದ್ದಲ್ಲ. ಕತ್ತು, ಕೈ ನೋಡಿ. ಮುಖಕ್ಕಿಂತ ಅವು ಕಪ್ಪಗಿದ್ದರೆ ಮುಖದ ಮೇಲೆ ಪೌಡರ್ ಇದೆ. ನಾನಾಗಿದ್ದರೆ ಮುಖವನ್ನು ಕೈಯ ಕಡೆಗೆ ಒಂದಿಷ್ಟು ಇಳಿಸುತ್ತಿದ್ದೆ. ಬೆಳ್ಳಗೆ ಮಾಡುವುದನ್ನು ಮಾತ್ರ ನಾನೂ ಮಾಡುವುದಿಲ್ಲ.

ಬೆಳಕು ನೆರಳು:

ಪೌಡರ್ ಹಾಕಿಕೊಂಡಿದ್ದೂ ಆ ದಿನದ ನಿಜವೇ ಅಲ್ವಾ ಅಕ್ಕಾ? ಅದನ್ನು ನಾವು ಒರೆಸಬೇಕಾ?

ರಂಗದ ಕನ್ನಡಿ:

ಪೌಡರ್ ಇರಲಿ, ಆದರೆ ಪೌಡರ್ ಅಂತ ಕಾಣಲಿ. ಹಾಗಾದರೆ ಮುಖಕ್ಕೆ ಬಣ್ಣ ಕಮ್ಮಿ ಹಾಕಿ, ಕತ್ತು ಕೈಗೆ ಜಾಸ್ತಿ ಹಾಕಿ. ಪೌಡರ್ ಚರ್ಮದ ಬಣ್ಣವನ್ನು ಮುಚ್ಚುತ್ತದೆ.

ರೀಲು ಪೆಟ್ಟಿಗೆ:

ಈಗಲೇ ನೋಡಿದೆ. ಕೈ ನಿಜಕ್ಕೂ ಮುಖಕ್ಕಿಂತ ಒಂದು ಹಂತ ಕಪ್ಪಗಿದೆ. ಅಕ್ಕ ಹೇಳಿದ ಹಾಗೆ ಮುಖದ ಸ್ಯಾಚುರೇಶನ್ ಇಳಿಸಿ, ಕೈಯದು ಏರಿಸಿ ನೋಡುತ್ತೇನೆ. ಸ್ಕೋಪ್‌ನಲ್ಲಿ ಎರಡೂ ಒಂದೇ ದಿಕ್ಕು, ಮುಖದ ಮೋಡ ಗಿಡ್ಡ, ಕೈಯದು ಉದ್ದ, ಹೀಗೆ ಬರಬೇಕು ಅಲ್ವಾ? ಎರಡು ಬಗೆಯಲ್ಲೂ ಮಾಡಿ ಮನೆಯವರಿಗೆ ತೋರಿಸುತ್ತೇನೆ, ಅಜ್ಜಿಯನ್ನು ಕಂಡವರು ಅವರೇ.

ಹೋಮದ ಶಾಟ್ ಇನ್ನೂ ಬಾಕಿ ಇದೆ. ಬೆಂಕಿ ಒಂದು ಕಡೆ, ಕ್ಯಾಮೆರಾ ಲೈಟ್ ಇನ್ನೊಂದು ಕಡೆ. ಅಲ್ಲಿ ಯಾರ ಪಂಚೆಯನ್ನು ಬಿಳಿ ಅನ್ನಬೇಕು?

ಬೆಳಕು ನೆರಳು:

ಬೆಂಕಿಯ ಕಡೆಯ ಕೆನ್ನೆಗೂ ಲೈಟಿನ ಕಡೆಯ ಕೆನ್ನೆಗೂ ಬೇರೆ ಬೇರೆ ಮೋಡ ಬರಬೇಕು ಅನ್ನುವುದಷ್ಟೇ ಖಂಡಿತ. ಬೆಂಕಿಯ ಕಡೆ ಪಂಚೆಯೂ ಕಿತ್ತಳೆ ಆಗಿರುತ್ತದೆ. ಮೊದಲು ಪಂಚೆಯ ಎರಡು ಬದಿಗೂ ಬಣ್ಣ ಹಾಕಿ, ಆಮೇಲೆ ಮುಖಕ್ಕೆ ಬನ್ನಿ. ಒಂದು ಫ್ರೇಮ್ ಇಲ್ಲಿ ಹಾಕಿ, ಸ್ಕೋಪ್ ಜೊತೆಗೆ. ನೋಡಿ ಹೇಳುತ್ತೇನೆ.